ಚರ್ಚೆ ಅಧ್ಯಾಯದಲ್ಲಿ ‘ಬಹುಶಃ’ ಜಾಸ್ತಿಯಾದಾಗ: ದೋಷ ಹುಡುಕುವ ಬಗೆ

ಉಡುಪಿ, ಮಣಿಪಾಲ, ಕೊಣಾಜೆ ಕಡೆಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಓದುವುದು ನನ್ನ ಕೆಲಸದ ಒಂದು ಭಾಗ. ವಿಧಾನ ಮತ್ತು ಫಲಿತಾಂಶದ ಅಧ್ಯಾಯಗಳು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಚರ್ಚೆಗೆ ಬಂದ ಕೂಡಲೇ ಬರವಣಿಗೆ ಮೆತ್ತಗಾಗುತ್ತದೆ. ಪ್ರತಿ ವಾಕ್ಯದ ಕೊನೆಗೂ ‘ಎನ್ನಬಹುದು’, ನಡುವೆ ‘ಸ್ವಲ್ಪ ಮಟ್ಟಿಗೆ’, ಮೊದಲಿಗೆ ‘ಬಹುಶಃ’. ಗೈಡ್ ಅಂಚಿನಲ್ಲಿ ‘ಸ್ಪಷ್ಟವಾಗಿ ಬರೆಯಿರಿ’ ಎಂದು ಗೀಚುತ್ತಾರೆ. ಆಗ ವಿದ್ಯಾರ್ಥಿ ಈ ಪದಗಳನ್ನೆಲ್ಲ ಒಟ್ಟಿಗೆ ಕಿತ್ತು ಹಾಕುತ್ತಾನೆ. ಎರಡನೇ ಕರಡಿನಲ್ಲಿ ಅನುಮಾನ ಒಂದೂ ಇರುವುದಿಲ್ಲ, ನಿಜವೂ ಅಷ್ಟಾಗಿ ಉಳಿದಿರುವುದಿಲ್ಲ.

ಪದ ಕಿತ್ತರೆ ಈ ದೋಷ ಹೋಗುವುದಿಲ್ಲ. ಒಂದೊಂದು ‘ಬಹುಶಃ’ದ ಹಿಂದೆಯೂ ಒಂದು ಅನುಮಾನ ಇರುತ್ತದೆ, ಅಥವಾ ಬರೀ ಹೆದರಿಕೆ ಇರುತ್ತದೆ. ಅದು ಯಾವುದು ಎಂದು ಮೊದಲು ಪತ್ತೆ ಮಾಡಬೇಕು. ಅದನ್ನು ಹೇಗೆ ಮಾಡುವುದು ಎಂದು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ಲಕ್ಷಣ

ವಿಷಯ ನಮ್ಮ ಕಡೆಯದೇ. ಬೇಸಿಗೆಯಲ್ಲಿ ನದಿಯ ಹರಿವು ಕಡಿಮೆಯಾದಾಗ ಉಪ್ಪುನೀರು ಭರತದ ಜೊತೆ ಒಳಗೆ ಬರುತ್ತದೆ. ದಡದ ಬಾವಿಗಳು ಸಪ್ಪೆಯಿಂದ ಉಪ್ಪಾಗುತ್ತವೆ. ಇದನ್ನು ತಡೆಯಲು ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ, ಮುಂದಿನ ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ಹಲಗೆಯ ಕೆಳಗಡೆ ಉಪ್ಪು, ಮೇಲುಗಡೆ ಸಿಹಿ ಎಂಬುದು ಲೆಕ್ಕ.

ಒಬ್ಬ ವಿದ್ಯಾರ್ಥಿನಿ ಮೇ ತಿಂಗಳಲ್ಲಿ ಅಂಥ ಒಂದು ಅಣೆಕಟ್ಟಿನ ಕೆಳಗಿನ 12 ಬಾವಿ, ಮೇಲಿನ 12 ಬಾವಿಗಳ ನೀರಿನಲ್ಲಿ ಕ್ಲೋರೈಡ್ ಮತ್ತು ನೈಟ್ರೇಟ್ ಅಳೆದಿದ್ದಾಳೆ ಎಂದುಕೊಳ್ಳಿ. ಅವಳೂ ಅವಳ ಅಂಕಿಗಳೂ ಅಭ್ಯಾಸಕ್ಕಾಗಿ ನಾನು ಕಟ್ಟಿದ್ದು. ಯಾವ ನಿಜವಾದ ನದಿಯ ಅಳತೆಯೂ ಅಲ್ಲ. ಅವಳ ಚರ್ಚೆಯ ಮೊದಲ ಪ್ಯಾರಾ ಹೀಗಿದೆ:

“ಕಿಂಡಿ ಅಣೆಕಟ್ಟಿನಿಂದಾಗಿ ಮೇಲ್ಭಾಗದ ಬಾವಿಗಳಲ್ಲಿ ಉಪ್ಪಿನ ಅಂಶ ಬಹುಶಃ ಸ್ವಲ್ಪ ಮಟ್ಟಿಗೆ ಕಡಿಮೆಯಾಗಿರಬಹುದು ಎಂದು ಹೇಳಬಹುದು. ನೈಟ್ರೇಟ್ ಪ್ರಮಾಣದಲ್ಲಿ ಅಷ್ಟೊಂದು ವ್ಯತ್ಯಾಸ ಇದ್ದಂತೆ ತೋರುವುದಿಲ್ಲ. ಹೀಗಾಗಿ ಕರಾವಳಿಯ ಬಾವಿಗಳ ರಕ್ಷಣೆಗೆ ಇಂಥ ಅಣೆಕಟ್ಟುಗಳು ಒಂದು ರೀತಿಯಲ್ಲಿ ಸಹಕಾರಿ ಎನ್ನಬಹುದಾಗಿದೆ. ಆದರೂ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯವಿರಬಹುದು.”

ಓದಲು ವಿನಯವಾಗಿದೆ. ಆದರೆ ಇದನ್ನು ಓದಿದ ಪಂಚಾಯತ್ ಸದಸ್ಯರು ‘ಹಾಗಾದ್ರೆ ಹಲಗೆ ಹಾಕಿದ್ದು ಉಪಯೋಗ ಆಯ್ತಾ ಇಲ್ವಾ ಮಾರಾಯ್ರೆ?’ ಎಂದು ಕೇಳಿದರೆ ಉತ್ತರ ಇಲ್ಲ. ವೈವಾದಲ್ಲಿ ಹೊರಗಿನ ಪರೀಕ್ಷಕರು ‘ನಿಮ್ಮ ಅನುಮಾನ ಯಾವುದರ ಮೇಲೆ?’ ಎಂದು ಕೇಳಿದರೂ ಉತ್ತರ ಇಲ್ಲ. ನಾಲ್ಕು ವಾಕ್ಯದ ತುಂಬ ಅನುಮಾನ ಇದೆ, ಒಂದು ಅನುಮಾನದ ಹೆಸರೂ ಇಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. ಮೊದಲ ವಾಕ್ಯದಲ್ಲಿ ಅಷ್ಟೆಲ್ಲ ಅಳುಕಿದ್ದರೂ ಅದರ ಅತಿ ದೊಡ್ಡ ಹೇಳಿಕೆ ಮಾತ್ರ ಯಾವ ಅಳುಕೂ ಇಲ್ಲದೆ ನುಸುಳಿದೆ. ಅದು ‘ಅಣೆಕಟ್ಟಿನಿಂದಾಗಿ’. ಕಾರಣ ಇದೇ ಎಂದು ಆ ಒಂದು ಪದ ತೀರ್ಮಾನ ಮಾಡಿಬಿಟ್ಟಿದೆ. ಅನುಮಾನದ ಪದಗಳೆಲ್ಲ ‘ಕಡಿಮೆಯಾಯಿತೇ’ ಎಂಬುದರ ಸುತ್ತ ಕೂತಿವೆ. ಅಂದರೆ ಅಳೆದು ಗೊತ್ತಿರುವ ವಿಷಯಕ್ಕೆ ಅನುಮಾನ, ಅಳೆಯದ ವಿಷಯಕ್ಕೆ ಖಾತ್ರಿ. ನಾನು ಓದುವ ಕರಡುಗಳಲ್ಲಿ ಅತಿ ಜಾಸ್ತಿ ಕಾಣುವ ದೋಷ ಇದು. ಪದ ಎಣಿಸಿದರೆ ಇದು ಸಿಗುವುದಿಲ್ಲ.

ಮೊದಲು ಎಲ್ಲಿವೆ ಎಂದು ನೋಡಿ

ಆದರೂ ಎಣಿಕೆಯಿಂದಲೇ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ನಮ್ಮದೇ ಬರವಣಿಗೆಯಲ್ಲಿ ಈ ಪದಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಚರ್ಚೆ ಅಧ್ಯಾಯವನ್ನು ಬರೀ ಪಠ್ಯವಾಗಿ ಸೇವ್ ಮಾಡಿ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಹೀಗೆ ಹುಡುಕಬಹುದು:

```
grep -n -E "ಬಹುಶ|ಬಹುದ|ಸ್ವಲ್ಪ|ಮಟ್ಟಿಗೆ|ತೋರು|ಎನಿಸು|ರೀತಿಯಲ್ಲಿ" charche.txt
```

‘ಬಹುದ’ ಎಂದು ಅರ್ಧಕ್ಕೇ ನಿಲ್ಲಿಸಿದ್ದು ಬೇಕೆಂದೇ. ಹಾಗೆ ಮಾಡಿದರೆ ಬಹುದು, ಬಹುದೇ, ಬಹುದಾಗಿದೆ ಎಲ್ಲವೂ ಸಿಗುತ್ತವೆ. ‘ಬಹುಶ’ ಎಂದು ಕೊಟ್ಟಿದ್ದಕ್ಕೂ ಕಾರಣ ಇದೆ. ತುಂಬ ಜನ ವಿಸರ್ಗದ ಬದಲು ಕೀಬೋರ್ಡಿನ ಕೋಲನ್ ಚಿಹ್ನೆ ಒತ್ತುತ್ತಾರೆ. ಕಣ್ಣಿಗೆ ಎರಡೂ ಒಂದೇ, ಹುಡುಕುವಾಗ ಬೇರೆ ಬೇರೆ. ಫೈಲು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಒಂದೂ ಸಿಗುವುದಿಲ್ಲ. ಆಗ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಸಿಕ್ಕಿದ್ದೆಲ್ಲ ದೋಷ ಅಲ್ಲ. ‘ಈ ವಿಧಾನವನ್ನು ಕೆರೆ ನೀರಿಗೂ ಬಳಸಬಹುದು’ ಎಂಬಲ್ಲಿ ಬಹುದು ಎಂದರೆ ಸಾಧ್ಯ ಎಂದಷ್ಟೇ ಅರ್ಥ. ‘ಚಿತ್ರ 3ರಲ್ಲಿ ನೋಡಬಹುದು’ ಕೂಡ ಹಾಗೆಯೇ. ಇಂಥವನ್ನು ಬಿಟ್ಟುಬಿಡಿ. ವರದಿ ಇಂಗ್ಲಿಷಿನಲ್ಲಿದ್ದರೆ ‘ಪರ್ಹ್ಯಾಪ್ಸ್’, ‘ಸಮ್‌ವಾಟ್’, ‘ಮೇ’, ‘ಸಜೆಸ್ಟ್’ ಹುಡುಕಿ. ಮುಂದಿನ ಪರೀಕ್ಷೆ ಎರಡಕ್ಕೂ ಒಂದೇ.

ಪರೀಕ್ಷೆ: ಪದ ತೆಗೆದು ಓದಿ

ಅನುಮಾನದ ಪದವನ್ನು ತೆಗೆದು ವಾಕ್ಯವನ್ನು ಜೋರಾಗಿ ಓದಿ. ಈಗ ವಾಕ್ಯ ಸುಳ್ಳಾಯಿತೇ? ಆಗಲಿಲ್ಲ ಎಂದರೆ ಆ ಪದ ಸುಮ್ನೆ ಕೂತಿತ್ತು. ಅದನ್ನು ವಾಪಸ್ ಹಾಕಬೇಡಿ. ಸುಳ್ಳಾಯಿತು ಎಂದರೆ, ಯಾಕೆ ಸುಳ್ಳಾಯಿತು ಎಂದು ಒಂದು ವಾಕ್ಯದಲ್ಲಿ ಪಕ್ಕದಲ್ಲೇ ಬರೆಯಿರಿ. ನಿಮ್ಮ ಚರ್ಚೆಯಲ್ಲಿ ಇರಬೇಕಾದದ್ದು ಆ ವಾಕ್ಯವೇ. ‘ಬಹುಶಃ’ ಅದರ ಜಾಗ ಹಿಡಿದುಕೊಂಡಿತ್ತು.

ನಮ್ಮ ಪ್ಯಾರಾಕ್ಕೆ ಹಾಕಿ ನೋಡೋಣ. ‘ಎಂದು ಹೇಳಬಹುದು’ ತೆಗೆದರೆ ಏನೂ ಬದಲಾಗುವುದಿಲ್ಲ. ಹೇಳುತ್ತಿರುವುದು ಅವಳೇ ಅಲ್ವಾ? ‘ಅಗತ್ಯವಿರಬಹುದು’ ಎಂಬುದರಲ್ಲೂ ಅನುಮಾನ ಏನಿಲ್ಲ. ಯಾವ ಅಧ್ಯಯನ ಎಂದು ಗೊತ್ತಿಲ್ಲದ್ದಕ್ಕೆ ಹಾಗೆ ಬರೆದದ್ದು. ಇವೆರಡು ಹೆದರಿಕೆಯ ಪದಗಳು. ನಮ್ಮಲ್ಲಿ ಹಿರಿಯರ ಎದುರು ಗಟ್ಟಿಯಾಗಿ ಮಾತಾಡಬಾರದು ಎಂದು ಕಲಿತಿರುತ್ತೇವೆ. ಅದು ಬರವಣಿಗೆಗೂ ಬಂದಿದೆ. ತೆಗೆದುಬಿಡಿ.

ಉಳಿದವು ಮೂರು ಬೇರೆ ಬೇರೆ ಅನುಮಾನಗಳ ಮೇಲೆ ಕೂತಿವೆ. ಎಷ್ಟು ಎಂಬ ಅನುಮಾನ, ಯಾಕೆ ಎಂಬ ಅನುಮಾನ, ಎಲ್ಲೆಲ್ಲಿಗೆ ಎಂಬ ಅನುಮಾನ. ಒಂದೊಂದಕ್ಕೂ ರಿಪೇರಿ ಬೇರೆ.

‘ಸ್ವಲ್ಪ ಮಟ್ಟಿಗೆ’: ಎಷ್ಟು ಎಂಬ ಅನುಮಾನ

ಇದು ಸುಲಭದ್ದು, ಯಾಕೆಂದರೆ ಉತ್ತರ ಫಲಿತಾಂಶದ ಕೋಷ್ಟಕದಲ್ಲೇ ಇರುತ್ತದೆ. ಕೆಳಗಿನ 12 ಬಾವಿಗಳಲ್ಲಿ ಕ್ಲೋರೈಡ್ ಸರಾಸರಿ ಲೀಟರಿಗೆ 410 ಮಿಲಿಗ್ರಾಂ. ಮೇಲಿನ 12ರಲ್ಲಿ 230. ಅಂತರ 180. ಬಾವಿಯಿಂದ ಬಾವಿಗೆ ಏರಿಳಿತ ತುಂಬ ಇದೆ. ಸ್ಟಾಂಡರ್ಡ್ ಡಿವಿಯೇಷನ್ ಕೆಳಗೆ 180, ಮೇಲೆ 150. ಇಷ್ಟು ಇದ್ದರೆ ಲೆಕ್ಕ ಹಾಕಬಹುದು. ಅಂತರದ ಸ್ಟಾಂಡರ್ಡ್ ಎರರ್ ಸುಮಾರು 68. ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 40ರಿಂದ 320.

ಈಗ ‘ಸ್ವಲ್ಪ ಮಟ್ಟಿಗೆ’ ಯಾಕೆ ತಪ್ಪು ಎಂದು ಕಾಣುತ್ತದೆ. ನಿಜವಾದ ಅಂತರ 40 ಇರಲೂ ಸಾಕು, 320 ಇರಲೂ ಸಾಕು. ಮೊದಲನೆಯದು ನಾಲಿಗೆಗೆ ಗೊತ್ತಾಗುವುದೂ ಕಷ್ಟ. ಎರಡನೆಯದು ಬಾವಿಯನ್ನೇ ಬಿಡಿಸುವಂಥದ್ದು. ‘ಸ್ವಲ್ಪ’ ಎಂಬುದು ಇವೆರಡರಲ್ಲಿ ಚಿಕ್ಕದನ್ನು ಸುಮ್ಮನೆ ಆರಿಸಿಕೊಂಡಿದೆ. ಅದು ಎಚ್ಚರಿಕೆಯ ಮಾತಿನ ಹಾಗೆ ಕಾಣುತ್ತದೆ, ಆದರೆ ಅದೂ ಆಧಾರ ಇಲ್ಲದ ಒಂದು ಹೇಳಿಕೆಯೇ.

ಅಂಕಿಯ ಜೊತೆ ಅದರ ತೂಕವನ್ನೂ ಹೇಳಿದರೆ ಒಳ್ಳೆಯದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರು ಇಲ್ಲದಿದ್ದರೆ 1000ದವರೆಗೆ. ಅಂದರೆ ಕೆಳಗಿನ ಸರಾಸರಿ 250ರ ಗೆರೆಯ ಆಚೆ ಇದೆ, ಮೇಲಿನದು ಈಚೆ ಇದೆ. ಇನ್ನೊಂದು ಅಳತೆಗೋಲು: ಸಮುದ್ರದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಇರುತ್ತದೆ. ಬಾವಿಯ ನೀರಿಗೆ ನೂರರಲ್ಲಿ ಒಂದು ಪಾಲು ಸಮುದ್ರದ ನೀರು ಸೇರಿದರೆ ಸಾಕು, ಈ 180 ಬಂದುಬಿಡುತ್ತದೆ. ಇಂಥ ಒಂದು ವಾಕ್ಯ ಇದ್ದರೆ ಓದುಗರಿಗೆ ‘ಸ್ವಲ್ಪ’ವೋ ‘ಜಾಸ್ತಿ’ಯೋ ಎಂದು ನಾವು ಹೇಳುವುದೇ ಬೇಡ.

ಅಳತೆಯ ಬಗ್ಗೆಯೇ ಅನುಮಾನವೇ? ಇಲ್ಲ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಅವಳು ಪ್ರತಿ ಮಾದರಿಗೂ ಮೂರು ಸಲ ಮಾಡಿದ್ದಾಳೆ, ಮೂರರ ನಡುವೆ 5 ಮಿಲಿಗ್ರಾಂ ಮೀರಿದ ವ್ಯತ್ಯಾಸ ಇಲ್ಲ. ಹಾಗಾದರೆ ‘ಕಂಡುಬಂದಂತೆ ತೋರುತ್ತದೆ’ ಎಂಬ ಮಾತಿಗೆ ಜಾಗವೇ ಇಲ್ಲ. 410 ಇತ್ತು ಎಂದರೆ ಇತ್ತು.

‘ವ್ಯತ್ಯಾಸ ತೋರುವುದಿಲ್ಲ’: ಅದೇ ದೋಷದ ಇನ್ನೊಂದು ಮುಖ

ನೈಟ್ರೇಟ್ ವಾಕ್ಯದಲ್ಲಿ ಹುಡುಗಿ ಎರಡು ಕಡೆಯಿಂದ ಸಿಕ್ಕಿಹಾಕಿಕೊಂಡಿದ್ದಾಳೆ. ಟಿ-ಪರೀಕ್ಷೆಯಲ್ಲಿ ಪಿ ಬೆಲೆ 0.05ಕ್ಕಿಂತ ಜಾಸ್ತಿ ಬಂದಿದೆ. ‘ವ್ಯತ್ಯಾಸ ಇಲ್ಲ’ ಎಂದು ಬರೆದರೆ ತಪ್ಪು ಎಂದು ಯಾರೋ ಹೇಳಿದ್ದಾರೆ. ಅದು ಸರಿಯೇ. ಹಾಗಾಗಿ ‘ಅಷ್ಟೊಂದು’, ‘ತೋರುವುದಿಲ್ಲ’ ಎಂದು ಮೆತ್ತಗೆ ಮಾಡಿದ್ದಾಳೆ. ಇದರಿಂದ ಓದುಗರಿಗೆ ಏನೂ ಸಿಗಲಿಲ್ಲ.

ಇಲ್ಲೂ ಇಂಟರ್ವಲ್ ಬರೆದರೆ ಗಂಟು ಬಿಚ್ಚುತ್ತದೆ. ನೈಟ್ರೇಟ್ ಅಂತರ 3 ಮಿಲಿಗ್ರಾಂ, ಇಂಟರ್ವಲ್ ಮೈನಸ್ 4ರಿಂದ ಪ್ಲಸ್ 10 ಎಂದುಕೊಳ್ಳಿ. ಮಾನಕದ ಮಿತಿ 45. ಆಗ ವಾಕ್ಯ ಹೀಗಾಗುತ್ತದೆ: ‘ನೈಟ್ರೇಟ್‌ನಲ್ಲಿ ಎರಡು ಗುಂಪುಗಳ ಅಂತರ 3 ಮಿಲಿಗ್ರಾಂ, ಇಂಟರ್ವಲ್ ಮೈನಸ್ 4ರಿಂದ 10. 10ಕ್ಕಿಂತ ದೊಡ್ಡ ಅಂತರ ಈ ಮಾಹಿತಿಗೆ ಹೊಂದುವುದಿಲ್ಲ.’ ಇಲ್ಲಿ ಒಂದೂ ಅನುಮಾನದ ಪದ ಇಲ್ಲ. ಆದರೂ ಸೊನ್ನೆ ಎಂದು ಎಲ್ಲೂ ಹೇಳಿಲ್ಲ.

ಇಂಟರ್ವಲ್ ಮೈನಸ್ 40ರಿಂದ ಪ್ಲಸ್ 46 ಬಂದಿದ್ದರೆ? ಆಗ ಬರೆಯಬೇಕಾದದ್ದು ಬೇರೆ: ‘ನೈಟ್ರೇಟ್ ಬಗ್ಗೆ ಈ ಅಧ್ಯಯನ ಏನನ್ನೂ ತೀರ್ಮಾನಿಸುವುದಿಲ್ಲ.’ ಎರಡಕ್ಕೂ ಪಿ ಬೆಲೆ 0.05ಕ್ಕಿಂತ ಮೇಲೆಯೇ. ‘ಅಷ್ಟೊಂದು ವ್ಯತ್ಯಾಸ ತೋರುವುದಿಲ್ಲ’ ಎಂಬ ವಾಕ್ಯ ಎರಡಕ್ಕೂ ಹೊಂದುತ್ತದೆ. ಅದೇ ಅದರ ತೊಂದರೆ.

‘ಅಣೆಕಟ್ಟಿನಿಂದಾಗಿ’: ಯಾಕೆ ಎಂಬ ಅನುಮಾನ

ಇಲ್ಲಿ ಕೆಲಸ ಜಾಸ್ತಿ. ‘ಬಹುಶಃ’ ನಿಜವಾಗಿ ಕೂರಬೇಕಾದದ್ದು ಇಲ್ಲಿ, ಆದರೆ ಅಷ್ಟೇ ಸಾಲುವುದಿಲ್ಲ. ಕಾರಣದ ಬಗ್ಗೆ ಅನುಮಾನ ಇದ್ದರೆ ಎದುರಿಗೆ ನಿಂತ ಇನ್ನೊಂದು ಕಾರಣದ ಹೆಸರು ಹೇಳಬೇಕು.

ಆ ಇನ್ನೊಂದು ಕಾರಣ ನಕ್ಷೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಣೆಕಟ್ಟಿನ ಮೇಲಿನ ಬಾವಿಗಳು ಸಮುದ್ರದಿಂದಲೂ ದೂರ ಇವೆ. ಅಣೆಕಟ್ಟೇ ಇಲ್ಲದಿದ್ದರೂ ಅಳಿವೆಯಿಂದ ದೂರ ಹೋದ ಹಾಗೆ ಉಪ್ಪು ಕಡಿಮೆಯಾಗುತ್ತಿತ್ತು. 180ರಲ್ಲಿ ಅಣೆಕಟ್ಟಿನ ಪಾಲು ಎಷ್ಟು, ದೂರದ ಪಾಲು ಎಷ್ಟು?

ಎರಡನ್ನು ಬೇರೆ ಮಾಡುವ ದಾರಿ ಅವಳ ಮಾಹಿತಿಯಲ್ಲೇ ಇದೆಯೇ ಎಂದು ನೋಡಬೇಕು. ಬರೀ ದೂರವೇ ಕಾರಣವಾದರೆ ಕ್ಲೋರೈಡ್ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ಅಣೆಕಟ್ಟು ಕಾರಣವಾದರೆ ಹಲಗೆಯ ಜಾಗದಲ್ಲಿ ಒಂದು ಮೆಟ್ಟಿಲು ಕಾಣಬೇಕು. ಅವಳ ಬಾವಿಗಳಲ್ಲಿ ಅಣೆಕಟ್ಟಿಗೆ ತಾಗಿದಂತೆ ಕೆಳಗೆ ಮೂರು, ಮೇಲೆ ಮೂರು ಇವೆ. ಕೆಳಗಿನವು 340, 390, 350. ಮೇಲಿನವು 240, 300, 270. ಸರಾಸರಿ 360 ಮತ್ತು 270, ಅಂತರ 90. ಈ ಎರಡು ಗುಂಪುಗಳ ನಡುವೆ ಸುಮಾರು ಒಂದು ಕಿಲೋಮೀಟರ್ ದೂರ. ಅಣೆಕಟ್ಟಿನ ಕೆಳಗಿನ ದಡದಲ್ಲಿ ಕ್ಲೋರೈಡ್ ಕಿಲೋಮೀಟರಿಗೆ ಸುಮಾರು 30ರಂತೆ ಇಳಿಯುತ್ತಿದೆ. ದೂರದಿಂದ 30 ಇಳಿಯಬೇಕಾದಲ್ಲಿ 90 ಇಳಿದಿದೆ.

ಇಲ್ಲಿಗೆ ಬಂದಾಗ ಹುಡುಗಿ ಖುಷಿಯಲ್ಲಿ ‘ಸರ್, ಹಾಗಾದ್ರೆ ಅಣೆಕಟ್ಟೇ ಕಾರಣ ಅಂತ ಬರೀಲಾ?’ ಎಂದು ಕೇಳುತ್ತಾಳೆ. ಬೇಡ. ಬಾವಿಯಿಂದ ಬಾವಿಗೆ ಏರಿಳಿತವೇ 150ರಿಂದ 180ರಷ್ಟಿದೆ. ಹಾಗಿರುವಾಗ ಮೂರು ಮತ್ತು ಮೂರು ಬಾವಿಗಳ ನಡುವಿನ 90 ಅಂತರ ಆಕಸ್ಮಿಕವಾಗಿಯೂ ಬಂದೀತು. ಬೇರೆ ಮೂರು ಬಾವಿ ಆರಿಸಿದ್ದರೆ ಮೆಟ್ಟಿಲು ಕಾಣದೆಯೂ ಹೋಗುತ್ತಿತ್ತು.

ಹಾಗಾಗಿ ಈ ಒಂದು ಜಾಗದಲ್ಲಿ ‘ಬಹುದು’ ಉಳಿಯುತ್ತದೆ. ಆದರೆ ಒಂದೇ ಸಲ, ಮತ್ತು ಅದರ ಕಾರಣದ ಜೊತೆಗೆ. ‘ಈ ಅಂತರಕ್ಕೆ ಅಣೆಕಟ್ಟು ಕಾರಣವಿರಬಹುದು, ಸಮುದ್ರದಿಂದ ದೂರವೂ ಕಾರಣವಿರಬಹುದು’ ಎಂದು ಬರೆದು, ಮಾಹಿತಿ ಯಾವುದರ ಕಡೆಗೆ ವಾಲುತ್ತದೆ, ಯಾಕೆ ತೀರ್ಮಾನ ಆಗುವುದಿಲ್ಲ ಎಂದು ಮುಂದಿನ ಎರಡು ವಾಕ್ಯದಲ್ಲಿ ಹೇಳಬೇಕು.

ಮೂರನೇ ಕಾರಣವೂ ಒಂದಿದೆ. ಶೌಚಾಲಯದ ಗುಂಡಿಯ ನೀರು ಬಾವಿಗೆ ಸೇರಿದರೂ ಕ್ಲೋರೈಡ್ ಏರುತ್ತದೆ. ಆದರೆ ಆಗ ಸಾಮಾನ್ಯವಾಗಿ ನೈಟ್ರೇಟ್ ಕೂಡ ಜೊತೆಗೆ ಏರುತ್ತದೆ. ಮೇಲೆ ನೋಡಿದ ನೈಟ್ರೇಟ್ ಇಂಟರ್ವಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಲೋರೈಡ್ ಅಷ್ಟು ಏರಿರುವಾಗ ನೈಟ್ರೇಟ್ 10ಕ್ಕಿಂತ ಹೆಚ್ಚು ಏರಿಲ್ಲ. ಹಾಗಾಗಿ ಗುಂಡಿಯ ನೀರು ಈ ಅಂತರದ ಮುಖ್ಯ ಕಾರಣ ಎನ್ನುವುದು ಕಷ್ಟ. ನೆಲದೊಳಗೆ ಗಾಳಿ ಇಲ್ಲದ ಕಡೆ ನೈಟ್ರೇಟ್ ತಾನೇ ಒಡೆದು ಕಡಿಮೆಯಾಗುವುದೂ ಉಂಟು, ಆದ್ದರಿಂದ ‘ಪೂರ್ತಿ ಇಲ್ಲ’ ಎಂದು ಬರೆಯುವ ಹಾಗಿಲ್ಲ. ಮೊದಲ ಕರಡಿನಲ್ಲಿ ನೈಟ್ರೇಟ್ ವಾಕ್ಯ ಯಾಕೆ ಅಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಈಗ ಅದು ಒಂದು ಕಾರಣವನ್ನು ದೂರ ಮಾಡುವ ಕೆಲಸ ಮಾಡುತ್ತಿದೆ.

‘ಕರಾವಳಿಯ ಬಾವಿಗಳು’: ಎಲ್ಲೆಲ್ಲಿಗೆ ಎಂಬ ಅನುಮಾನ

‘ಒಂದು ರೀತಿಯಲ್ಲಿ ಸಹಕಾರಿ’ ಎಂಬಲ್ಲಿ ಅವಳಿಗೆ ಒಳಗೊಳಗೇ ಗೊತ್ತಿದೆ: ಒಂದು ಅಣೆಕಟ್ಟು ನೋಡಿ ಇಡೀ ಕರಾವಳಿಯ ಬಗ್ಗೆ ಹೇಳಲು ಆಗುವುದಿಲ್ಲ. ರಿಪೇರಿ ಚಿಕ್ಕದು. ಕರ್ತೃಪದ ಬದಲಿಸಿ. ‘ಕರಾವಳಿಯ ಬಾವಿಗಳು’ ಎನ್ನುವ ಬದಲು ‘ಈ ಅಣೆಕಟ್ಟಿನ ಎರಡೂ ಬದಿಯ, ನಾವು ಅಳೆದ 24 ಬಾವಿಗಳು, ಒಂದು ಮೇ ತಿಂಗಳಲ್ಲಿ’ ಎಂದು ಬರೆದರೆ ಅನುಮಾನದ ಪದ ತಾನೇ ಉದುರುತ್ತದೆ. ವ್ಯಾಪ್ತಿ ಕಿರಿದಾದಷ್ಟೂ ಕ್ರಿಯಾಪದ ಗಟ್ಟಿಯಾಗಬಹುದು.

ಮಿತಿಗಳ ಪ್ಯಾರಾ

ಅನುಮಾನಗಳನ್ನೆಲ್ಲ ಗುಡಿಸಿ ಕೊನೆಯ ‘ಮಿತಿಗಳು’ ಪ್ಯಾರಾದಲ್ಲಿ ರಾಶಿ ಹಾಕುವುದು ಇನ್ನೊಂದು ಅಭ್ಯಾಸ. ‘ಮಾದರಿಯ ಗಾತ್ರ ಚಿಕ್ಕದು, ಸಮಯದ ಅಭಾವ ಇತ್ತು.’ ಈ ವಾಕ್ಯವನ್ನು ಯಾವ ವರದಿಗೆ ಬೇಕಾದರೂ ಅಂಟಿಸಬಹುದು. ಮಂಗಳೂರು, ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಗೊತ್ತಿರುವ ಸ್ಟ್ರೋಬ್ ಮಾರ್ಗಸೂಚಿ ಇಲ್ಲಿ ಸರಿಯಾದ ಪ್ರಶ್ನೆ ಕೇಳುತ್ತದೆ. ಅದು 2007ರಲ್ಲಿ ಬಂದದ್ದು, ಪ್ರಯೋಗ ಮಾಡದೆ ಬರೀ ಗಮನಿಸಿ ಮಾಡುವ ವೈದ್ಯಕೀಯ ಅಧ್ಯಯನಗಳಿಗೆ. ಅದರ 19ನೇ ಅಂಶ ಹೇಳುವುದು: ಮಿತಿ ಇದೆ ಎಂದಷ್ಟೇ ಹೇಳಬೇಡಿ, ಅದು ಫಲಿತಾಂಶವನ್ನು ಯಾವ ಕಡೆಗೆ, ಎಷ್ಟು ದೂಡಿರಬಹುದು ಎಂದೂ ಹೇಳಿ. ಬಾವಿ ನೀರಿಗೂ ಈ ಮಾತು ಸರಿಯೇ.

ನಮ್ಮ ಹುಡುಗಿ ಕೆಳಗಿನ ಬಾವಿಗಳ ನೀರನ್ನು ಹುಣ್ಣಿಮೆಯ ವಾರ ತೆಗೆದಿದ್ದಾಳೆ, ಮೇಲಿನವನ್ನು ಮುಂದಿನ ವಾರ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ದೊಡ್ಡದು ಎಂದು ಮಲ್ಪೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂದರೆ ಕೆಳಗಿನ ಬಾವಿಗಳಲ್ಲಿ ಉಪ್ಪು ಆ ವಾರ ಹೆಚ್ಚಿದ್ದಿರಬೇಕು. ಈ ಮಿತಿ ದೂಡುವುದು ಒಂದೇ ಕಡೆಗೆ: ಅಂತರ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಷ್ಟು? ಅದೃಷ್ಟಕ್ಕೆ ಕೆಳಗಿನ ಎರಡು ಬಾವಿಗಳನ್ನು ಅವಳು ಎರಡೂ ವಾರ ಅಳೆದಿದ್ದಾಳೆ. ಹುಣ್ಣಿಮೆಯ ವಾರ ಒಂದರಲ್ಲಿ 20, ಇನ್ನೊಂದರಲ್ಲಿ 35 ಜಾಸ್ತಿ ಇತ್ತು. 35ನ್ನೇ ಹಿಡಿದರೂ ಅಂತರ 180ರಿಂದ 145ಕ್ಕೆ ಇಳಿಯುತ್ತದೆ. ಇಂಟರ್ವಲ್‌ನ ಕೆಳತುದಿ 40ರಿಂದ 5ಕ್ಕೆ ಇಳಿದು ಸೊನ್ನೆಯ ಪಕ್ಕ ನಿಲ್ಲುತ್ತದೆ. ಇದು ಬರೆಯಬೇಕಾದ ಮಾತು. ಇದನ್ನು ಬರೆದವರಿಗೆ ‘ಸಮಯದ ಅಭಾವ’ ಬೇಕಾಗುವುದಿಲ್ಲ.

ರಿಪೇರಿಯಾದ ಪ್ಯಾರಾ

“ಮೇ ತಿಂಗಳಲ್ಲಿ ಅಣೆಕಟ್ಟಿನ ಕೆಳಗಿನ 12 ಬಾವಿಗಳಲ್ಲಿ ಕ್ಲೋರೈಡ್ ಸರಾಸರಿ ಲೀಟರಿಗೆ 410 ಮಿಲಿಗ್ರಾಂ, ಮೇಲಿನ 12ರಲ್ಲಿ 230 ಇತ್ತು. ಅಂತರ 180, ಇಂಟರ್ವಲ್ 40ರಿಂದ 320. ಕೆಳಗಿನ ಮಾದರಿಗಳನ್ನು ಹುಣ್ಣಿಮೆಯ ವಾರ ತೆಗೆದದ್ದರಿಂದ ಈ ಅಂತರದಲ್ಲಿ 35ರವರೆಗೆ ಭರತದ ಪಾಲು ಇರಬಹುದು. ಅದನ್ನು ಕಳೆದರೆ ಇಂಟರ್ವಲ್‌ನ ಕೆಳತುದಿ 5ಕ್ಕೆ ಬರುತ್ತದೆ. ನೈಟ್ರೇಟ್ ಅಂತರ 10 ಮಿಲಿಗ್ರಾಂ ಮೀರುವುದಿಲ್ಲ, ಆದ್ದರಿಂದ ಶೌಚಾಲಯದ ಗುಂಡಿಗಳನ್ನು ಮುಖ್ಯ ಕಾರಣವಾಗಿ ನಾವು ಪರಿಗಣಿಸಿಲ್ಲ. ಅಂತರಕ್ಕೆ ಅಣೆಕಟ್ಟು ಕಾರಣವಿರಬಹುದು, ಸಮುದ್ರದಿಂದ ದೂರವೂ ಕಾರಣವಿರಬಹುದು. ಅಣೆಕಟ್ಟಿಗೆ ತಾಗಿದ ಆರು ಬಾವಿಗಳಲ್ಲಿ ಇಳಿಕೆ 90, ದೂರದಿಂದ ನಿರೀಕ್ಷಿಸುವ 30ಕ್ಕಿಂತ ಹೆಚ್ಚು. ಆದರೆ ಆರು ಬಾವಿಗಳಿಂದ ಇದನ್ನು ತೀರ್ಮಾನಿಸಲಾಗದು. ಅಣೆಕಟ್ಟಿನಿಂದ ಅರ್ಧ ಕಿಲೋಮೀಟರಿನೊಳಗೆ ಎರಡೂ ಬದಿ ಹೆಚ್ಚು ಬಾವಿಗಳನ್ನು ಒಂದೇ ವಾರದಲ್ಲಿ ಅಳೆದರೆ ಇದು ತೀರ್ಮಾನವಾಗುತ್ತದೆ.”

ಉದ್ದವಾಯಿತು, ನಿಜ. ಅನುಮಾನದ ಹೆಸರು ಹೇಳಲು ಜಾಗ ಬೇಕು. ಆದರೆ ‘ಹೆಚ್ಚಿನ ಅಧ್ಯಯನ’ ಯಾವುದು ಎಂದು ಈಗ ಗೊತ್ತಾಯಿತು. ಪಂಚಾಯತ್ ಸದಸ್ಯರಿಗೂ ಉತ್ತರ ಇದೆ: ಮೇಲಿನ ಬಾವಿಗಳಲ್ಲಿ ಸರಾಸರಿ ಉಪ್ಪು ಕಡಿಮೆ ಇದೆ, ಅದು ಹಲಗೆಯಿಂದಲೇ ಎಂದು ಇನ್ನೂ ಹೇಳಲಾಗದು, ಹೇಳಲು ಇಷ್ಟು ಕೆಲಸ ಆಗಬೇಕು.

ರಿಪೇರಿ ಕೆಟ್ಟಿತೇ ಎಂದು ನೋಡುವುದು

‘ಬಹುದು’ ತೆಗೆದ ಜಾಗಕ್ಕೆ ‘ಸಾಬೀತಾಗಿದೆ’, ‘ದೃಢಪಟ್ಟಿದೆ’ ಬಂದು ಕೂತಿದೆಯೇ? ಅದು ಒಂದು ರೋಗ ಹೋಗಿ ಇನ್ನೊಂದು ಬಂದ ಹಾಗೆ. ಕ್ರಿಯಾಪದಗಳನ್ನು ಮಾತ್ರ ಓದುತ್ತಾ ಹೋಗಿ. ‘ಇತ್ತು’, ‘ಹೆಚ್ಚಿತ್ತು’ ಎಂಬವು ಅಳತೆಯ ಮಾತುಗಳು. ‘ಹೆಚ್ಚಿಸಿತು’, ‘ತಡೆಯಿತು’, ‘ಇಂದಾಗಿ’, ‘ಪರಿಣಾಮವಾಗಿ’ ಎಂಬವು ಕಾರಣದ ಮಾತುಗಳು. ಪ್ರಯೋಗ ಮಾಡದೆ, ಬರೀ ಅಳೆದು ಹೋಲಿಸಿದ ವರದಿಯಲ್ಲಿ ಎರಡನೇ ಗುಂಪಿನ ಪದ ಸಿಕ್ಕಿದಲ್ಲೆಲ್ಲ ನಿಂತು ನೋಡಿ.

ಕೆಲವರು ‘ಬಹುಶಃ’ಕ್ಕೆ ಒಂದು ಅಂಕಿ ಕಟ್ಟಿದರೆ ಆಗದೇ ಎಂದು ಕೇಳುತ್ತಾರೆ. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಗಳಲ್ಲಿ ಹಾಗೆ ಮಾಡುತ್ತಾರೆ. ಅಲ್ಲಿ ‘ಸಂಭವನೀಯ’ ಎಂದರೆ ಶೇಕಡಾ 66ರಿಂದ 100, ‘ತುಂಬ ಸಂಭವನೀಯ’ ಎಂದರೆ 90ರಿಂದ 100. ಒಳ್ಳೆಯ ಪದ್ಧತಿ, ಆದರೆ ಅಲ್ಲಿ ಬಹಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಣತರು ತೂಗುತ್ತಾರೆ. 24 ಬಾವಿಯ ಪ್ರಾಜೆಕ್ಟಿನಲ್ಲಿ ‘ಅಣೆಕಟ್ಟು ಕಾರಣ ಎಂಬುದು ಶೇಕಡಾ 70 ಸಂಭವನೀಯ’ ಎಂದು ಬರೆದರೆ ಆ 70 ಎಲ್ಲಿಂದ ಬಂತು ಎಂದು ಕೇಳುತ್ತಾರೆ, ಮತ್ತು ಕೇಳಬೇಕು.

ಕೊನೆಗೆ ಶೀರ್ಷಿಕೆ ಮತ್ತು ಸಾರಾಂಶ ನೋಡಿ. ಚರ್ಚೆಯನ್ನು ಎಷ್ಟೇ ಸರಿ ಮಾಡಿದರೂ ಇವೆರಡು ಹಳೆಯ ಕರಡಿನವೇ ಉಳಿದಿರುತ್ತವೆ. ಹುಡುಗಿಯ ಶೀರ್ಷಿಕೆ ‘ಬಾವಿ ನೀರಿನ ಉಪ್ಪಿನ ಮೇಲೆ ಕಿಂಡಿ ಅಣೆಕಟ್ಟಿನ ಪರಿಣಾಮ’. ಪರಿಣಾಮ ಇದೆಯೋ ಇಲ್ಲವೋ ಎಂದು ಚರ್ಚೆ ತೀರ್ಮಾನಿಸಿಲ್ಲ, ಶೀರ್ಷಿಕೆ ತೀರ್ಮಾನಿಸಿದೆ. ‘ಕಿಂಡಿ ಅಣೆಕಟ್ಟಿನ ಮೇಲಿನ ಮತ್ತು ಕೆಳಗಿನ ಬಾವಿಗಳಲ್ಲಿ ಬೇಸಿಗೆಯ ಕ್ಲೋರೈಡ್: ಒಂದು ಹೋಲಿಕೆ’ ಎಂದು ಬದಲಿಸಿದರೆ ಸಾಕು. ಸಾರಾಂಶದ ಕೊನೆಯ ಸಾಲಿನಲ್ಲಿ ‘ಅಣೆಕಟ್ಟು ಬಾವಿಗಳನ್ನು ರಕ್ಷಿಸುತ್ತದೆ’ ಎಂದಿದ್ದರೆ ಅದನ್ನು ತೆಗೆದು, ದೂರ ಮತ್ತು ಅಣೆಕಟ್ಟು ಎರಡನ್ನು ಈ ಮಾಹಿತಿ ಬೇರೆ ಮಾಡಿಲ್ಲ ಎಂಬ ಸಾಲನ್ನು ಅಲ್ಲಿಗೆ ಹಾಕಿ. ಬಹಳ ಮಂದಿ ಓದುವುದು ಸಾರಾಂಶ ಮಾತ್ರ.